ಲ್ಯಾಪ್‌ಟಾಪಿನಿಂದ ಟಿವಿಗೆ ಹಾಕಿದರೆ ಕಪ್ಪೆಲ್ಲ ಒಂದೇ ಮುದ್ದೆ. ಬ್ರೈಟ್‌ನೆಸ್ ಎಷ್ಟಿಡಬೇಕು?

ಮಳೆಕಾಡು (ಹೊಸನಗರ ಕಡೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 43 ಇಂಚಿನ ಎಲ್‌ಇಡಿ ಟಿವಿ ಇದೆ. ಬೇಸಿಗೆಯಲ್ಲಿ ನಮ್ಮೂರ ಗದ್ದೆಯಲ್ಲಿ ಆದ ಬಯಲಾಟವನ್ನು ಪೂರ್ತಿ ರೆಕಾರ್ಡ್ ಮಾಡಿದ್ದೆ. ಈಗ ಮಳೆ ಹಿಡಿದ ಮೇಲೆ ಅಪ್ಪ ಅದನ್ನೇ ದಿನಾ ಸ್ವಲ್ಪ ಸ್ವಲ್ಪ ನೋಡುತ್ತಾರೆ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಕೊಡುತ್ತೇನೆ.

ತೊಂದರೆ ಏನಂದ್ರೆ, ಕಪ್ಪು ಇರುವ ಕಡೆಯೆಲ್ಲ ಏನೂ ಕಾಣುವುದಿಲ್ಲ. ವೇಷದವರ ಕಪ್ಪು ಮುಂಡಾಸು, ಹಿಂದಿನ ಕಪ್ಪು ಪರದೆ, ಕತ್ತಲೆ, ಎಲ್ಲ ಸೇರಿ ಒಂದೇ ಆಗಿದೆ. ಜರಿ ಪಟ್ಟಿ ಮಾತ್ರ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲೇ ನೋಡಿದರೆ ಮುಂಡಾಸಿನ ಮಡಿಕೆ ಚೆನ್ನಾಗಿ ಕಾಣುತ್ತದೆ. ಬ್ರೈಟ್‌ನೆಸ್ 50 ಇದ್ದದ್ದನ್ನು 70ಕ್ಕೆ ಏರಿಸಿದೆ. ಚಿತ್ರವೆಲ್ಲ ಮಂಜು ಮುಸುಕಿದ ಹಾಗಾಯಿತು, ಮಡಿಕೆ ಮಾತ್ರ ಬರಲಿಲ್ಲ. ಎಷ್ಟಿಟ್ಟರೆ ಸರಿ?

ಸ್ಕ್ರೂಡ್ರೈವರ್ (ಶಿವಮೊಗ್ಗ)

ಟಿವಿ ರಿಪೇರಿ ಕೆಲಸ ನನ್ನದು. ಎಲ್‌ಇಡಿ ಟಿವಿಯಲ್ಲಿ ಕಪ್ಪು ಅಂದ್ರೆ ನಿಜವಾದ ಕಪ್ಪು ಅಲ್ಲ, ಹಿಂದೆ ಲೈಟು ಉರೀತಾನೇ ಇರುತ್ತದೆ. ಐಪಿಎಸ್ ಪ್ಯಾನೆಲ್ ಆದರೆ ಇನ್ನೂ ಬೂದು. ಅದಕ್ಕೆ ಪರೀಕ್ಷೆ ಮಾಡಿ ನೋಡುವ ಪ್ಯಾಟರ್ನ್, ಗೀಟರ್ನ್ ಏನೂ ಬೇಡ. ಕಾಂಟ್ರಾಸ್ಟ್ 100 ಇಡಿ, ಬ್ರೈಟ್‌ನೆಸ್ 55, ಪಿಕ್ಚರ್ ಮೋಡ್ ವಿವಿಡ್. ಅಂಗಡಿಯಲ್ಲಿ ಹೀಗೇ ಇಟ್ಟು ಕೊಡುತ್ತೇವೆ, ಯಾರೂ ಬೇಡ ಅಂದಿಲ್ಲ.

ಹಳೆರೀಲು

ಪ್ಯಾನೆಲ್ ವಿಷಯ ಸ್ಕ್ರೂಡ್ರೈವರ್ ಹೇಳಿದ್ದು ಸರಿ. ಆದರೆ ಮಳೆಕಾಡು ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಐಪಿಎಸ್ ಪ್ಯಾನೆಲಿನಲ್ಲಿ ಕಪ್ಪು ಬೂದಾಗಬಹುದು, ಆದರೆ ಮಡಿಕೆ ಮಾಯ ಆಗಬಾರದು. ಬ್ರೈಟ್‌ನೆಸ್ ಏರಿಸಿದಾಗ ಮಂಜು ಬಂತು, ಮಡಿಕೆ ಬರಲಿಲ್ಲ ಅಂದರಲ್ಲ, ಗುಟ್ಟು ಅಲ್ಲೇ ಇದೆ. ಬ್ರೈಟ್‌ನೆಸ್ ಬಟನ್ನಿಗೆ ತಲುಪುವ ಮೊದಲೇ ಎಲ್ಲೋ ಅದು ಕತ್ತರಿಸಿಹೋಗಿದೆ. ಇಲ್ಲದ್ದನ್ನು ಏರಿಸಿದರೆ ಮಂಜು ಅಷ್ಟೇ ಸಿಗುವುದು.

ಎರಡು ಪ್ರಶ್ನೆ. ಡಿಶ್ ಬಾಕ್ಸಿನಲ್ಲಿ ಚಾನೆಲ್ ನೋಡುವಾಗಲೂ ಹೀಗೇನಾ? ಬಿಳಿ ಕಡೆ ಹೇಗಿದೆ? ಭಾಗವತರ ಪಂಚೆ, ಅಂಗಿಯಲ್ಲಿ ನೆರಿಗೆ ಕಾಣುತ್ತದೆಯಾ?

ಮಳೆಕಾಡು

ಡಿಶ್ ಬಾಕ್ಸ್ ಸರಿ ಇದೆ. ಪಂಚೆ ನೋಡಿದೆ. ಹೌದು ಮಾರಾಯ್ರೆ, ಅದೂ ಸುಣ್ಣ ಬಳಿದ ಹಾಗೆ ಬರೀ ಬಿಳಿ! ಲ್ಯಾಪ್‌ಟಾಪಿನಲ್ಲಿ ನೆರಿಗೆ ಅಷ್ಟಿಷ್ಟು ಕಾಣುತ್ತದೆ.

ಸಾಗರದಕ್ಕ

ನಮ್ಮ ಮನೆ ಟಿವಿಯಲ್ಲೂ ಕಪ್ಪಿನ ತೊಂದರೆ. ಮಳೆಗಾಲ ಶುರುವಾದ ಮೇಲೆ ಬಲಗಡೆ ಮೂಲೆಯಲ್ಲಿ ಅಂಗೈಯಷ್ಟು ಜಾಗ ಕಪ್ಪಾಗಿದೆ. ಬೂಷ್ಟು ಹಿಡಿದಿರಬಹುದು ಅಂತ ನಮ್ಮನೆಯವರು. ಬ್ರೈಟ್‌ನೆಸ್ ಏರಿಸಿದರೆ ಹೋಗುತ್ತದಾ?

ಸ್ಕ್ರೂಡ್ರೈವರ್

ಅಕ್ಕ, ಅದು ಬೇರೆ ಕಥೆ. ಪೂರ್ತಿ ಬಿಳಿ ಇರುವ ಒಂದು ಚಿತ್ರ ಹಾಕಿ ನೋಡಿ. ಕಲೆಯ ಅಂಚು ಮೆತ್ತಗೆ ಕರಗಿದ ಹಾಗಿದ್ದರೆ ಆ ಜಾಗದ ಬ್ಯಾಕ್‌ಲೈಟ್ ಎಲ್‌ಇಡಿ ಹೋಗಿರಬಹುದು. ಅದನ್ನು ಪ್ಯಾನೆಲ್ ಬಿಚ್ಚಿಯೇ ನೋಡಬೇಕು. ಯಾವ ಸೆಟ್ಟಿಂಗಿನಿಂದಲೂ ಹೋಗುವುದಿಲ್ಲ.

ಹಳೆರೀಲು

ಮಳೆಕಾಡು, ಕಪ್ಪೂ ಹೋಗಿದೆ, ಬಿಳಿಯೂ ಹೋಗಿದೆ, ಡಿಶ್ ಬಾಕ್ಸ್ ಮಾತ್ರ ಸರಿ ಇದೆ. ಹಾಗಾದರೆ ಅನುಮಾನ ಲ್ಯಾಪ್‌ಟಾಪ್ ಮತ್ತು ಟಿವಿಯ ನಡುವಿನ ಅಳತೆಯ ಮೇಲೆ. ಕಂಪ್ಯೂಟರ್ ಕಪ್ಪನ್ನು 0 ಅಂತಲೂ ಬಿಳಿಯನ್ನು 255 ಅಂತಲೂ ಕಳಿಸುತ್ತದೆ. ಟಿವಿ ಪ್ರಪಂಚದಲ್ಲಿ ಕಪ್ಪು 16, ಬಿಳಿ 235. ನಿಮ್ಮ ಲ್ಯಾಪ್‌ಟಾಪ್ ತನ್ನ ಲೆಕ್ಕದಲ್ಲಿ ಕಳಿಸುತ್ತಿದೆ, ಟಿವಿ ತನ್ನ ಲೆಕ್ಕದಲ್ಲಿ ಓದುತ್ತಿದೆ. 16ರ ಕೆಳಗಿರುವುದೆಲ್ಲ ಕಪ್ಪಾಯಿತು, 235ರ ಮೇಲಿರುವುದೆಲ್ಲ ಬಿಳಿಯಾಯಿತು. ಮುಂಡಾಸು ಆ ಕಡೆ ಹೋಯಿತು, ಪಂಚೆ ಈ ಕಡೆ.

ಇದು ಬರೀ ಊಹೆ. ಪ್ಯಾಟರ್ನ್ ಹಾಕಿದರೆ ಖಚಿತ ಆಗುತ್ತದೆ. ಎಲ್ಲಿಂದಲೂ ತರಬೇಕಾಗಿಲ್ಲ, ಪೇಂಟಿನಲ್ಲೇ ಮಾಡಬಹುದು. 1920 × 1080 ಅಳತೆಯ ಪೂರ್ತಿ ಕಪ್ಪು ಚಿತ್ರ. ಅದರ ಮೇಲೆ ನಾಲ್ಕು ಅಗಲದ ಪಟ್ಟಿ. ಮೊದಲನೆಯದಕ್ಕೆ ಕೆಂಪು, ಹಸಿರು, ನೀಲಿ ಮೂರೂ 4. ಎರಡನೆಯದಕ್ಕೆ 8, ಆಮೇಲೆ 16, 24. ಹಾಗೇ ಬಿಳಿ ಹಿನ್ನೆಲೆಯ ಇನ್ನೊಂದು ಚಿತ್ರ, ಅದರಲ್ಲಿ 251, 247, 239, 231. ಪಿಎನ್‌ಜಿ ಆಗಿಯೇ ಸೇವ್ ಮಾಡಿ. ಜೆಪಿಜಿ ಬೇಡ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿಕೊಂಡದ್ದಂತೂ ಬೇಡವೇ ಬೇಡ, ಅದು ಹಿಂಡಿ ಸಣ್ಣ ಮಾಡುವಾಗ ಇಷ್ಟು ಸಣ್ಣ ವ್ಯತ್ಯಾಸವನ್ನು ಉಳಿಸುತ್ತದೆ ಅಂತ ನಂಬುವ ಹಾಗಿಲ್ಲ.

ಲಿನಕ್ಸ್_ಹುಡುಗ

ಪೇಂಟ್ ಬೇಜಾರಾದರೆ ಇಮೇಜ್‌ಮ್ಯಾಜಿಕ್ ಇದ್ದವರಿಗೆ ಒಂದೇ ಕಮಾಂಡ್:

```
magick -size 1920x1080 xc:black \
 -fill "rgb(4,4,4)"    -draw "rectangle 200,200 400,880" \
 -fill "rgb(8,8,8)"    -draw "rectangle 600,200 800,880" \
 -fill "rgb(16,16,16)" -draw "rectangle 1000,200 1200,880" \
 -fill "rgb(24,24,24)" -draw "rectangle 1400,200 1600,880" \
 kappu.png
```

ಬಿಳಿಗೆ `xc:white` ಹಾಕಿ, ಸಂಖ್ಯೆ ಬದಲಿಸಿ, ಹೆಸರು `bili.png` ಅಂತ ಕೊಡಿ.

ಮಳೆಕಾಡು

ಪೇಂಟಿನಲ್ಲಿ ಮಾಡಿದೆ. ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದೆ. ಕಪ್ಪಿನ ಮೇಲೆ ನಾಲ್ಕೂ ಪಟ್ಟಿ ಕಾಣುತ್ತಿವೆ. 4 ಸ್ವಲ್ಪ ಮಸುಕು. ಅಂದ್ರೆ ಟಿವಿ ಸರಿ ಇದೆ, ಅಲ್ವಾ?

ಹಳೆರೀಲು

ಟಿವಿ ಸರಿ ಇದೆ ಅಂತ ಗೊತ್ತಾಯಿತು, ಒಳ್ಳೆಯದೇ. ಆದರೆ ಪೆನ್‌ಡ್ರೈವಿನ ದಾರಿ ಬೇರೆ, ಎಚ್‌ಡಿಎಂಐ ದಾರಿ ಬೇರೆ. ಎಷ್ಟೋ ಟಿವಿಗಳಲ್ಲಿ ಸೆಟ್ಟಿಂಗ್ ಕೂಡ ಒಂದೊಂದು ಇನ್‌ಪುಟ್ಟಿಗೆ ಬೇರೆ ಬೇರೆ ಇರುತ್ತದೆ. ಯಾವ ದಾರಿಯಲ್ಲಿ ಆಟ ನೋಡುತ್ತೀರೋ ಅದೇ ದಾರಿಯಲ್ಲಿ ಪಟ್ಟಿಯೂ ಬರಬೇಕು. ಲ್ಯಾಪ್‌ಟಾಪಿನಿಂದಲೇ ಹಾಕಿ.

ಅದಕ್ಕೂ ಮೊದಲು ಟಿವಿಯನ್ನು ಅರ್ಧ ಗಂಟೆ ಹಾಗೇ ಓಡಲು ಬಿಡಿ. ಪಿಕ್ಚರ್ ಮೋಡ್ ಸಿನಿಮಾ ಅಥವಾ ಮೂವಿ. ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಕೋಣೆಯ ಬೆಳಕು ನೋಡಿ ತಾನೇ ಬದಲಾಗುವ ಸೆಟ್ಟಿಂಗ್, ಎಲ್ಲ ಆಫ್. ಇವೆಲ್ಲ ಆನ್ ಇದ್ದರೆ ನೀವು ಒಂದು ಪಟ್ಟಿ ನೋಡುತ್ತಿರುವಾಗಲೇ ಟಿವಿ ಹಿಂದಿನಿಂದ ಲೈಟು ಬದಲಿಸುತ್ತದೆ. ಕಪ್ಪು ಪ್ಯಾಟರ್ನ್ ಬಂದ ಕೂಡಲೇ ಬ್ಯಾಕ್‌ಲೈಟ್ ಇಳಿಸಿಬಿಡುವ ಟಿವಿಗಳಿವೆ. ಆಗ ನೀವು ಅಳೆಯುತ್ತಿರುವುದು ಏನನ್ನು ಅಂತಲೇ ಗೊತ್ತಾಗುವುದಿಲ್ಲ. ಬ್ರೈಟ್‌ನೆಸ್ಸನ್ನು ವಾಪಸ್ 50ಕ್ಕೆ ತನ್ನಿ.

ಮಳೆಕಾಡು

ಮಾಡಿದೆ. ಬ್ರೈಟ್‌ನೆಸ್ 50ರಲ್ಲಿ 4, 8, 16 ಮೂರೂ ಇಲ್ಲ. 24 ಮಾತ್ರ ಕಾಣುತ್ತಿದೆ. 70ಕ್ಕೆ ಏರಿಸಿದರೆ ಹಿನ್ನೆಲೆಯೆಲ್ಲ ಬೂದು, ಆಗಲೂ ಆ ಮೂರು ಪಟ್ಟಿ ಹುಟ್ಟಲಿಲ್ಲ. ಬಿಳಿ ಚಿತ್ರದಲ್ಲಿ 231 ಮಾತ್ರ ಇದೆ, ಉಳಿದ ಮೂರೂ ಇಲ್ಲ.

ಹಳೆರೀಲು

ಇನ್ನು ಊಹೆ ಬೇಡ. 16 ಹೋಗಿ 24 ಉಳಿದಿದೆ, 239 ಹೋಗಿ 231 ಉಳಿದಿದೆ. ಗೆರೆ ಎಲ್ಲಿ ಬಿದ್ದಿದೆ ಅಂತ ಅದೇ ಹೇಳುತ್ತಿದೆ. ಬ್ರೈಟ್‌ನೆಸ್ ತಪ್ಪಿದ್ದರೆ ಕಪ್ಪಿನ ಕಡೆ ಮಾತ್ರ ಹೀಗಾಗುತ್ತಿತ್ತು, ಏರಿಸಿದಾಗ ಪಟ್ಟಿ ಒಂದೊಂದಾಗಿ ಎದ್ದು ಬರುತ್ತಿದ್ದವು.

ಸರಿ ಮಾಡಲು ಎರಡು ದಾರಿ. ಟಿವಿಯ ಮೆನುವಿನಲ್ಲಿ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಅಥವಾ ವಿಡಿಯೊ ರೇಂಜ್ ಅಂತ ಇರುತ್ತದೆ, ಅದನ್ನು ಪೂರ್ತಿ ಅಳತೆಗೆ ಇಡುವುದು. ಅಥವಾ ಲ್ಯಾಪ್‌ಟಾಪಿಗೇ ಟಿವಿಯ ಅಳತೆಯಲ್ಲಿ ಕಳಿಸು ಅನ್ನುವುದು. ಟಿವಿಯ ಮೆನುವಿನಲ್ಲಿ ಲೋ, ಹೈ ಅಂತ ಹೆಸರಿದ್ದರೆ ಹೆಸರು ನೋಡಿ ಆರಿಸಬೇಡಿ. ಒಂದೊಂದು ಕಂಪನಿಯದು ಒಂದೊಂದು ರೀತಿ. ಬದಲಿಸಿ ಪಟ್ಟಿ ನೋಡಿ.

ಮಳೆಕಾಡು

ಟಿವಿಯಲ್ಲಿ ಆ ಸಾಲು ಮಸುಕಾಗಿದೆ, ಆರಿಸಲು ಬಿಡುತ್ತಿಲ್ಲ.

ಲಿನಕ್ಸ್_ಹುಡುಗ

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಮಾಡಿ. ಗ್ರಾಫಿಕ್ಸ್ ಕಾರ್ಡಿನ ಕಂಟ್ರೋಲ್ ಪ್ಯಾನೆಲಿನಲ್ಲಿ `Output dynamic range` ಅಂತ ಇದ್ದರೆ ಅದನ್ನು `Limited` ಮಾಡಿ. ಲಿನಕ್ಸಿನಲ್ಲಿ ಇಂಟೆಲ್ ಗ್ರಾಫಿಕ್ಸ್ ಇದ್ದು, ವೇಲ್ಯಾಂಡ್ ಅಲ್ಲದೆ X11 ಸೆಷನ್ನಿನಲ್ಲಿ ಇರುವವರಿಗೆ:

```
xrandr --output HDMI-1 --set "Broadcast RGB" "Limited 16:235"
```

`HDMI-1` ಬದಲು ನಿಮ್ಮದರಲ್ಲಿ ಬೇರೆ ಹೆಸರಿರಬಹುದು, ಬರೀ `xrandr` ಹೊಡೆದರೆ ತೋರಿಸುತ್ತದೆ.

ಮಳೆಕಾಡು

`Limited` ಮಾಡಿದೆ. ಪರದೆ ಒಮ್ಮೆ ಕಪ್ಪಾಗಿ ವಾಪಸ್ ಬಂತು. ಈಗ 8, 16, 24 ಕಾಣುತ್ತಿವೆ! 4 ಮಾತ್ರ ಇಲ್ಲ. ಬಿಳಿಯಲ್ಲಿ 251 ಬಿಟ್ಟು ಉಳಿದದ್ದು ಇವೆ. ಆಟ ಹಾಕಿದೆ, ಮುಂಡಾಸಿನ ಮಡಿಕೆ ಕಂಡಿತು. ಅಪ್ಪ "ಹೊಸ ಟಿವಿ ತಂದ್ಯಾ" ಅಂದರು.

ಸ್ಕ್ರೂಡ್ರೈವರ್

ಇದು ನನಗೂ ಹೊಸದು. ಲ್ಯಾಪ್‌ಟಾಪ್ ಹಾಕಿಕೊಂಡು ಬರುವ ಗಿರಾಕಿ ಕಮ್ಮಿ. ಹಾಗಾದರೆ ಉಲ್ಟಾ ಆದರೆ? ಲ್ಯಾಪ್‌ಟಾಪ್ 16ರಿಂದ ಕಳಿಸಿ, ಟಿವಿ 0ಯಿಂದ ಓದಿದರೆ?

ಹಳೆರೀಲು

ಆಗ ಪಟ್ಟಿಗಳೆಲ್ಲ ಕಾಣುತ್ತವೆ, ಆದರೆ ಕಪ್ಪು ಕಪ್ಪಾಗಿರುವುದಿಲ್ಲ. ಬಿಳಿಯೂ ಮಂಕು. ಮೋಸ ಹೋಗುವುದು ಅಲ್ಲೇ. ಪಟ್ಟಿ ಎಲ್ಲ ಕಂಡವು ಅಂತ ಖುಷಿಪಟ್ಟು ಬಿಟ್ಟುಬಿಡುತ್ತಾರೆ. ಪತ್ತೆ ಮಾಡಲು ಸುಲಭ ದಾರಿ: ರಾತ್ರಿ ಲೈಟ್ ಆರಿಸಿ, ಕಪ್ಪು ಪ್ಯಾಟರ್ನಿನ ಹಿನ್ನೆಲೆ ನೋಡಿ. ಆಮೇಲೆ ಡಿಶ್ ಬಾಕ್ಸಿನಲ್ಲಿ ಸಿನಿಮಾ ಬರುವಾಗ ಮೇಲೆ ಕೆಳಗೆ ಇರುವ ಕಪ್ಪು ಪಟ್ಟಿ ನೋಡಿ. ಎರಡೂ ಒಂದೇ ಕಪ್ಪು ಇರಬೇಕು. ಮೊದಲನೆಯದು ಹೆಚ್ಚು ಬೂದಾಗಿದ್ದರೆ ಅಳತೆ ಉಲ್ಟಾ ಆಗಿದೆ.

ಮಳೆಕಾಡು, ಈಗ ನಿಮ್ಮ 4ರ ವಿಷಯ. ನೋಡಿದ್ದು ಯಾವಾಗ? ಹಗಲಾ?

ಮಳೆಕಾಡು

ಮಧ್ಯಾಹ್ನ. ಹೊರಗೆ ಮೋಡ. ನಡುಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಟಿವಿಯ ಎದುರಿನ ಮಾಡಿನಲ್ಲಿ ಎರಡು ಗಾಜಿನ ಹೆಂಚು ಬೇರೆ ಇವೆ.

ಹಳೆರೀಲು

ಅದೇ ನೋಡಿ. ಗಾಜಿನ ಹೆಂಚಿನ ಬೆಳಕು ಪರದೆಗೆ ಬಿದ್ದರೆ 4ರ ಪಟ್ಟಿ ಯಾವ ಟಿವಿಯಲ್ಲೂ ಕಾಣುವುದು ಕಷ್ಟ. ಅದಕ್ಕಾಗಿ ಬ್ರೈಟ್‌ನೆಸ್ ಏರಿಸಿದರೆ ರಾತ್ರಿ ಕಪ್ಪೆಲ್ಲ ಬೂದಾಗಿ ಕೂರುತ್ತದೆ. ಅಪ್ಪ ನೋಡುವ ಹೊತ್ತಿಗೆ ಕೋಣೆ ಹೇಗಿರುತ್ತದೋ ಹಾಗೇ ಇಟ್ಟುಕೊಂಡು, ಅವರು ಕೂರುವ ಜಾಗದಲ್ಲೇ ಕೂತು ಸರಿಮಾಡಿ. ಪಕ್ಕಕ್ಕೆ ನಿಂತು ನೋಡಿದರೆ ಎಲ್‌ಸಿಡಿ ಪ್ಯಾನೆಲಿನಲ್ಲಿ ಕಪ್ಪು ಬೇರೆಯೇ ಕಾಣುತ್ತದೆ.

ರಾತ್ರಿ ಲೈಟ್ ಆರಿಸಿ ಬ್ರೈಟ್‌ನೆಸ್ಸನ್ನು ಒಂದೊಂದೇ ಇಳಿಸಿ. 4 ಹೋಗುತ್ತದೆ, ಆಮೇಲೆ 8 ಹೋಗುತ್ತದೆ. ಅಲ್ಲಿಂದ ಒಂದೊಂದೇ ಏರಿಸುತ್ತ ಬನ್ನಿ. 4 "ಇದೆಯಾ ಇಲ್ವಾ" ಅನ್ನುವಷ್ಟು ಕಂಡ ಕೂಡಲೇ ನಿಲ್ಲಿಸಿ. ಹಿನ್ನೆಲೆಯೂ ಮೇಲೇಳಲು ಶುರುವಾದರೆ ಜಾಸ್ತಿಯಾಯಿತು ಅಂತ. ಹಗಲಲ್ಲಿ ಕತ್ತಲೆ ಅನ್ನಿಸಿದರೆ ಬ್ರೈಟ್‌ನೆಸ್ ಮುಟ್ಟಬೇಡಿ, ಬ್ಯಾಕ್‌ಲೈಟ್ ಏರಿಸಿ. ಹೆಸರು ಬ್ರೈಟ್‌ನೆಸ್ ಆದರೂ ಅದು ಕಪ್ಪು ಎಲ್ಲಿ ಶುರುವಾಗಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಕೆಲವು ಹೊಸ ಟಿವಿಗಳಲ್ಲಿ ಬ್ಯಾಕ್‌ಲೈಟಿಗೇ ಬ್ರೈಟ್‌ನೆಸ್ ಅಂತ ಹೆಸರಿಟ್ಟು, ಹಳೆಯ ಬ್ರೈಟ್‌ನೆಸ್ಸಿಗೆ ಬ್ಲ್ಯಾಕ್ ಲೆವೆಲ್ ಅಂದಿದ್ದಾರೆ. ಪಟ್ಟಿ ಮಾಯ ಆಗುವುದು ಯಾವುದರಿಂದಲೋ ಅದೇ ನಿಮಗೆ ಬೇಕಾದದ್ದು.

ತುಂಗಾದಂಡೆ

ನಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುತ್ತದೆ. ರಾತ್ರಿ ಸರಿಮಾಡಿದ್ದು ಇನ್‌ವರ್ಟರ್‌ಗೆ ಬಂದ ಕೂಡಲೇ ಹಾಳಾಗಲ್ವಾ?

ಸ್ಕ್ರೂಡ್ರೈವರ್

ಇಲ್ಲ. ಈಗಿನ ಟಿವಿಯ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ಎಷ್ಟು ಬಂದರೂ ಒಳಗೆ ಅಷ್ಟೇ ಕೊಡುತ್ತದೆ. ಹಿಂದಿನ ಲೇಬಲ್ ನೋಡಿ, ಬರೆದಿರುತ್ತದೆ. ಚಿತ್ರ ಸಣ್ಣ ಆಗಿ ಕುಗ್ಗುತ್ತಿದ್ದದ್ದು ಹಳೆಯ ಡಬ್ಬಾ ಟಿವಿ ಕಾಲದಲ್ಲಿ. ಕೋಣೆಯ ಬಲ್ಬು ಮಂಕಾದರೆ ಅದು ಬೇರೆ ಮಾತು, ಆಗ ನಿಮ್ಮ ಕಣ್ಣಿಗೆ ಟಿವಿ ಜಾಸ್ತಿ ಬೆಳಗಿದ ಹಾಗೆ ಅನ್ನಿಸುತ್ತದೆ.

ಹಳೆರೀಲು

ಸರಿಯಾಗಿ ಹೇಳಿದ್ರಿ.

ಮಳೆಕಾಡು

ರಾತ್ರಿ ಕೂತು ಮಾಡಿದೆ. 52ರಲ್ಲಿ 4 ಆಗಷ್ಟೇ ಕಾಣುತ್ತದೆ. ಫೋನಿನಲ್ಲಿ ಫೋಟೋ ತೆಗೆದು ನೋಡಿದರೆ ಮಾತ್ರ ನಾಲ್ಕೂ ಪಟ್ಟಿ ಢಾಳಾಗಿವೆ, ಹಿನ್ನೆಲೆಯೂ ಬೂದು.

ಹಳೆರೀಲು

ಫೋನನ್ನು ನಂಬಬೇಡಿ. ಕತ್ತಲೆ ಚಿತ್ರ ಕಂಡರೆ ಅದು ತಾನೇ ಬೆಳಕು ಏರಿಸಿಕೊಳ್ಳುತ್ತದೆ. ನಿಮ್ಮ ಕಣ್ಣು ಕಂಡದ್ದೇ ಸರಿ.

ಈಗ ಬಿಳಿ ಚಿತ್ರ ಹಾಕಿ ಕಾಂಟ್ರಾಸ್ಟ್ ಇಳಿಸುತ್ತ ಬನ್ನಿ. 251 ಹುಟ್ಟಿದ ಕಡೆ ನಿಲ್ಲಿಸಿ. ಹಾಗೇ ಪಟ್ಟಿಯ ಬಣ್ಣ ನೋಡಿ. ಬೂದು ಪಟ್ಟಿಗೆ ತಿಳಿಗುಲಾಬಿಯೋ ಹಳದಿಯೋ ಛಾಯೆ ಬಂದಿದ್ದರೆ ಮೂರು ಬಣ್ಣಗಳಲ್ಲಿ ಒಂದು ಆಗಲೇ ತುದಿ ಮುಟ್ಟಿದೆ ಅಂತ, ಇನ್ನೆರಡು ಹೆಜ್ಜೆ ಇಳಿಸಿ. ಮುಗಿದ ಮೇಲೆ ಕಪ್ಪು ಚಿತ್ರವನ್ನು ಮತ್ತೆ ಹಾಕಿ ನೋಡಿ. ಕಾಂಟ್ರಾಸ್ಟ್ ಬದಲಾದರೆ ಕೆಲವು ಟಿವಿಗಳಲ್ಲಿ ಕಪ್ಪೂ ಸ್ವಲ್ಪ ಜರುಗುತ್ತದೆ.

ಸ್ಟುಡಿಯೋದಲ್ಲಿ ನಾವು ಬಣ್ಣದ ಪಟ್ಟಿಯ ಕೆಳಗೆ ಬಲಗಡೆ ಇರುವ ಸಣ್ಣ ಗೆರೆಗಳನ್ನು ನೋಡಿ ಮಾನಿಟರ್ ಕೂರಿಸುತ್ತಿದ್ದೆವು. ಪ್ಲೂಜ್ ಅನ್ನುತ್ತಾರೆ. ಅದರಲ್ಲಿ ಒಂದು ಗೆರೆ ಕಪ್ಪಿಗಿಂತಲೂ ಕೆಳಗಿರುತ್ತದೆ, ಅದು ಕಾಣಲೇಬಾರದು. ಇನ್ನೊಂದು ಕಪ್ಪಿಗಿಂತ ಒಂದು ಚೂರು ಮೇಲೆ, ಅದು ಆಗಷ್ಟೇ ಕಾಣಬೇಕು. ಪಿಎನ್‌ಜಿಯಲ್ಲಿ 0ಯ ಕೆಳಗೆ ಏನೂ ಇಲ್ಲವಾದ್ದರಿಂದ ಆ ಮೊದಲ ಗೆರೆಯ ಸಹಾಯ ನಮಗೆ ಸಿಗುವುದಿಲ್ಲ. ಅದಕ್ಕೇ ಹಿನ್ನೆಲೆ ಏಳುತ್ತಿದೆಯಾ ಅಂತ ಕಣ್ಣಿಟ್ಟಿರಿ ಅಂದದ್ದು.

ಮಳೆಕಾಡು

ಕಾಂಟ್ರಾಸ್ಟ್ 100ರಿಂದ 91ಕ್ಕೆ ಬಂತು. 251 ಕಾಣುತ್ತದೆ, ಛಾಯೆ ಇಲ್ಲ. ಕಪ್ಪು ಹಾಗೇ ಇದೆ.

ಒಂದು ಉಳಿದಿದೆ. ಕೆಲವು ಕಡೆ, ದೊಡ್ಡ ಲೈಟಿನ ಕೆಳಗೆ, ಭಾಗವತರ ಪಂಚೆ ಈಗಲೂ ಬರೀ ಬಿಳಿ.

ಲಿನಕ್ಸ್_ಹುಡುಗ

ಕಾರಣ ಬೇರೆ ಇರಬಹುದು. ಎಷ್ಟೋ ಕ್ಯಾಮೆರಾಗಳು ವಿಡಿಯೊದಲ್ಲಿ 235ರ ಮೇಲೂ ಬರೆಯುತ್ತವೆ, 255ರ ತನಕ. ಪ್ಲೇಯರ್ ಅದನ್ನು ಪರದೆಗೆ ಹಾಕುವಾಗ 235ಕ್ಕೇ ಬಿಳಿ ಅಂತ ಕತ್ತರಿಸುತ್ತದೆ. ನಮ್ಮ ಪಿಎನ್‌ಜಿ ಆ ದಾರಿಯಲ್ಲಿ ಬರುವುದಿಲ್ಲವಾದ್ದರಿಂದ ಅದರಲ್ಲಿ ಗೊತ್ತಾಗಲ್ಲ. ನನ್ನ ಪ್ರಕಾರ ಆ ಮೇಲಿನ ಭಾಗವೂ ಕಾಣುವ ಹಾಗೆ ಕಾಂಟ್ರಾಸ್ಟ್ ಕೂರಿಸಬೇಕು.

ಹಳೆರೀಲು

ಇದನ್ನು ನಾನು ಒಪ್ಪುವುದಿಲ್ಲ ತಮ್ಮಾ. ಅಷ್ಟಕ್ಕಾಗಿ ಕಾಂಟ್ರಾಸ್ಟ್ ಇಳಿಸಿದರೆ ಉಳಿದ ಎಲ್ಲ ಚಿತ್ರವೂ ಮಂಕಾಗುತ್ತದೆ. 235ರ ಮೇಲೆ ಇರುವುದು ಸಾಮಾನ್ಯವಾಗಿ ಬಲ್ಬಿನ ಹೊಳಪು, ಜರಿಯ ಮಿಂಚು. ಮೇಲಾಗಿ ಲ್ಯಾಪ್‌ಟಾಪಿನಲ್ಲೇ ಅದು ಕತ್ತರಿಸಿಹೋದರೆ ಟಿವಿಯ ಕಾಂಟ್ರಾಸ್ಟ್ ಎಷ್ಟು ಇಳಿಸಿದರೂ ವಾಪಸ್ ಬರಲ್ಲ. ನನಗನ್ನಿಸುವುದು, ಲೈಟ್ ಜಾಸ್ತಿಯಾಗಿ ರೆಕಾರ್ಡ್ ಮಾಡುವಾಗಲೇ ಪಂಚೆ ಸುಟ್ಟಿದೆ.

ಲಿನಕ್ಸ್_ಹುಡುಗ

ಬಲ್ಬಿನ ಹೊಳಪು ಅಂತ ನಾನು ಒಪ್ಪಲ್ಲ ಸರ್, ಹ್ಯಾಂಡಿಕ್ಯಾಮ್ ವಿಡಿಯೊದಲ್ಲಿ ಬಿಳಿ ಬಟ್ಟೆಯೇ ಆ ಜಾಗದಲ್ಲಿ ಕೂತಿರುತ್ತದೆ. ಪ್ಲೇಯರಿನಲ್ಲಿ ಕತ್ತರಿಸಿದರೆ ಟಿವಿಯಿಂದ ಬರಲ್ಲ ಅನ್ನುವುದು ಮಾತ್ರ ನಿಜ. ಫೈಲನ್ನೇ ಕೇಳೋಣ. ಪಂಚೆ ಇರುವ ಜಾಗವನ್ನು ಮಾತ್ರ ಕತ್ತರಿಸಿ ಅಳೆಯಬಹುದು:

```
ffmpeg -ss 00:42:10 -t 1 -i aata.mp4 \
 -vf "crop=120:90:860:600,signalstats,metadata=print" -f null -
```

ಸಮಯ ಮತ್ತು `crop` ಸಂಖ್ಯೆ ನಿಮ್ಮ ವಿಡಿಯೊಗೆ ತಕ್ಕಂತೆ ಬದಲಿಸಿಕೊಳ್ಳಿ. ಮೊದಲೆರಡು ಅಗಲ ಮತ್ತು ಎತ್ತರ, ಆಮೇಲಿನದು ಎಡದಿಂದ ಮತ್ತು ಮೇಲಿನಿಂದ ಎಷ್ಟು ದೂರ ಅಂತ. ಬರುವ ಸಾಲುಗಳಲ್ಲಿ `YMIN` ಮತ್ತು `YMAX` ನೋಡಿ.

ಮಳೆಕಾಡು

ಇಲ್ಲಿ ಈಗ ಕರೆಂಟಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗೀತು. ನಾಳೆ ಹಾಕಿ ಹೇಳುತ್ತೇನೆ. ಯಾವ ಸಂಖ್ಯೆ ಬಂದರೆ ಏನು ಅಂತ ತಿಳಿದುಕೊಳ್ಳಲಿ?

ಹಳೆರೀಲು

ತುಂಡಿನೊಳಗೆ ಪಂಚೆ ಬಿಟ್ಟು ಬೇರೇನೂ ಬರದ ಹಾಗೆ ನೋಡಿಕೊಳ್ಳಿ, ಅಂಚಿನ ನೆರಳು ಬಂದರೂ ಲೆಕ್ಕ ಕೆಡುತ್ತದೆ. ಎರಡು ಸಂಖ್ಯೆಯೂ ತುದಿಯ ಹತ್ತಿರ ಅಂಟಿಕೊಂಡಿದ್ದರೆ, ಅಂದರೆ 252, 255 ಅನ್ನುವ ಹಾಗೆ, ನೆರಿಗೆ ಫೈಲಿನಲ್ಲೇ ಇಲ್ಲ. 236ರಿಂದ 254ರ ತನಕ ಹರಡಿಕೊಂಡಿದ್ದರೆ ಹುಡುಗ ಹೇಳಿದ್ದು ಸರಿ, ಆಗ ಟಿವಿ ಮುಟ್ಟದೆ ಪ್ಲೇಯರಿನಲ್ಲೇ ಬಿಳಿಯನ್ನು ಸ್ವಲ್ಪ ಕೆಳಗೆ ತರಬೇಕು.